ಕಾರಿನ ಹಾಡಿನೊಳಗಿನ ಸಿಳ್ಳೆ



ಕಾರಿಗೆ ಹೊಸ ಸ್ಟೀರಿಯೊ ಹಾಕಿಸಿದ್ದೀರಿ. ಹಿಂದೆ ಸೀಟಿನ ಕೆಳಗೆ ಆಂಪ್ಲಿಫೈಯರ್ ಕೂರಿಸಿದ್ದೀರಿ. ಗಾಡಿ ನಿಂತಿದ್ದಾಗ ಹಾಡು ತಿಳಿಯಾಗಿ ಕೇಳುತ್ತದೆ. ಎಂಜಿನ್ ಚಾಲೂ ಆಯಿತೋ, ಹಾಡಿನ ಬೆನ್ನಿಗೆ ಸಣ್ಣದೊಂದು ಸಿಳ್ಳೆ ಹತ್ತಿಕೊಳ್ಳುತ್ತದೆ. ಆಕ್ಸಲರೇಟರ್ ಒತ್ತಿದರೆ ಸಿಳ್ಳೆಯ ಶ್ರುತಿ ಏರುತ್ತದೆ. ಕಾಲು ತೆಗೆದರೆ ಇಳಿಯುತ್ತದೆ. ಹಾಡು ನಿಲ್ಲಿಸಿದರೂ ಸಿಳ್ಳೆ ನಿಲ್ಲುವುದಿಲ್ಲ. ಈ ಹೊತ್ತು ನಾನು ಮಾತಾಡುವುದು ಈ ಸಿಳ್ಳೆಯ ಬಗ್ಗೆ. ಅದು ಎಲ್ಲಿ ಹುಟ್ಟುತ್ತದೆ, ಹಾಡಿನೊಳಗೆ ಯಾವ ದಾರಿಯಿಂದ ನುಗ್ಗುತ್ತದೆ, ಅದನ್ನು ಹಿಡಿಯುವುದು ಹೇಗೆ, ಇಷ್ಟೇ ವಿಷಯ.

ಮಾತಿಗೆ ಆಧಾರವಾಗಿ ಒಂದು ಗಾಡಿಯನ್ನು ಇಟ್ಟುಕೊಳ್ಳೋಣ. ಅದು ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನ ರೈತರೊಬ್ಬರದು. ಏಳು ಸೀಟಿನ ಡೀಸೆಲ್ ಗಾಡಿ. ಲಿಂಗಸುಗೂರಿಗೂ ಸಿಂಧನೂರಿಗೂ ದಿನಾ ಓಡಾಟ. ಹೆದ್ದಾರಿಯಲ್ಲಿ ಗಾಳಿಯ ಸದ್ದು, ಟೈರಿನ ಸದ್ದು, ಎಂಜಿನ್ನಿನ ಸದ್ದು. ಕಂಪನಿಯಿಂದ ಬಂದ ಸೆಟ್ಟಿನ ಹಾಡು ಅದರಲ್ಲಿ ಮುಳುಗಿಹೋಗುತ್ತಿತ್ತು. ಅದಕ್ಕೆ ಅವರು ಹೊಸ ಹೆಡ್ ಯೂನಿಟ್, ನಾಲ್ಕು ಚಾನೆಲ್ಲಿನ ಆಂಪ್ಲಿಫೈಯರ್ ಹಾಕಿಸಿದರು. ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ದಿನ ನನ್ನ ಹತ್ತಿರ ಬಂದರು. "ಅಣ್ಣಾರ, ನಿಂತಾಗ ಛಲೋ ಹಾಡ್ತದ. ಚಾಲೂ ಮಾಡಿದ್ರ ಸಿಳ್ಳಿ ಹೊಡಿತದ ನೋಡ್ರಿ" ಅಂದರು. ಅಂಗಡಿಯವರು ಫಿಲ್ಟರ್ ಹಾಕಿಸಿಕೊಳ್ಳಿ ಎಂದಿದ್ದರಂತೆ. ಫಿಲ್ಟರಿಗೆ ದುಡ್ಡು ಕೊಡುವ ಮುಂಚೆ ಒಮ್ಮೆ ತೋರಿಸೋಣ ಎಂದು ಬಂದಿದ್ದರು.

ಮೊದಲಿಗೆ, ಆಂಪ್ಲಿಫೈಯರ್ ಏಕೆ ಬೇಕಾಗುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಹೆಡ್ ಯೂನಿಟ್ಟಿನ ಡಬ್ಬಿಯ ಮೇಲೆ 50 ವ್ಯಾಟ್, ನಾಲ್ಕು ಚಾನೆಲ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು ಕ್ಷಣಮಾತ್ರದ ಲೆಕ್ಕ. ಸತತವಾಗಿ ಸ್ವಚ್ಛವಾಗಿ ಸಿಗುವುದು ಚಾನೆಲ್ಲಿಗೆ 15ರಿಂದ 20 ವ್ಯಾಟ್ ಅಷ್ಟೇ. ಇದು ಕಂಪನಿಯ ಜಿಪುಣತನವಲ್ಲ. ಗಾಡಿಯಲ್ಲಿರುವುದು 14 ವೋಲ್ಟಿನ ಆಸುಪಾಸು. ಅಷ್ಟು ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ಅದಕ್ಕಿಂತ ಹೆಚ್ಚು ತಳ್ಳಲು ಆಗುವುದಿಲ್ಲ. ಪ್ರತ್ಯೇಕ ಆಂಪ್ಲಿಫೈಯರಿನ ಒಳಗೆ ಆ ವೋಲ್ಟನ್ನು ಏರಿಸುವ ಒಂದು ಸರ್ಕ್ಯೂಟ್ ಇರುತ್ತದೆ. ಹಾಗಾಗಿ ಅದು ಚಾನೆಲ್ಲಿಗೆ 50 ವ್ಯಾಟ್ ನಿಜವಾಗಿಯೇ ಕೊಡಬಲ್ಲದು. ಹೆದ್ದಾರಿಯ ಸದ್ದಿನ ಮೇಲೆ ಹಾಡು ಒಡೆಯದೆ ನಿಲ್ಲಲು ಈ ಹೆಚ್ಚುವರಿ ಬಲ ಬೇಕು.

ಆದರೆ ಬಲ ಬಂದರೆ ಕರೆಂಟೂ ಬೇಕು. ನಾಲ್ಕು ಚಾನೆಲ್ಲೂ ಸೇರಿ 200 ವ್ಯಾಟ್ ಹೊರಗೆ ಬರಬೇಕಾದರೆ, ಹಳೆಯ ಮಾದರಿಯ ಆಂಪ್ಲಿಫೈಯರ್ ಸುಮಾರು 350 ವ್ಯಾಟ್ ಒಳಗೆ ಎಳೆಯುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಅಂದರೆ ಜೋರಾಗಿ ಹಾಡುವಾಗ 25 ಆಂಪಿಯರಿನ ಹತ್ತಿರ. ಅಷ್ಟು ಕರೆಂಟ್ ಡ್ಯಾಶ್‌ಬೋರ್ಡಿನ ಹಿಂದಿನ ತೆಳು ವೈರಿನಿಂದ ಬರಲಾರದು. ಬ್ಯಾಟರಿಯಿಂದಲೇ ನೇರವಾಗಿ ದಪ್ಪ ವೈರ್ ಎಳೆಯಬೇಕು. ನಾಲ್ಕೈದು ಮೀಟರ್ ದೂರಕ್ಕೆ 10 ಚದರ ಮಿಲಿಮೀಟರಿನ ತಾಮ್ರದ ವೈರ್ ಸಾಕು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ 40 ಆಂಪಿಯರಿನ ಫ್ಯೂಸ್ ಇರಲೇಬೇಕು. ಈ ಫ್ಯೂಸ್ ಆಂಪ್ಲಿಫೈಯರನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ವೈರ್ ಎಲ್ಲೋ ತಗಡಿಗೆ ಉಜ್ಜಿ ಸಿಪ್ಪೆ ಹರಿದರೆ, ಫ್ಯೂಸ್ ಇಲ್ಲದ ಗಾಡಿಗೆ ಬೆಂಕಿ ಹತ್ತುತ್ತದೆ.

ಒಂದು ಎಚ್ಚರ ಹೇಳಬೇಕು. ಅಗ್ಗದ ವೈರ್ ಕಿಟ್ಟುಗಳಲ್ಲಿ ಬಹಳಷ್ಟು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಹೊರಗಿನಿಂದ ಕೆಂಪಗೆ ಹೊಳೆಯುತ್ತದೆ. ಒಂದು ಎಳೆಯನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಅದನ್ನೇ ಹಾಕಬೇಕಾಗಿ ಬಂದರೆ ಒಂದು ಅಳತೆ ದಪ್ಪದ್ದನ್ನು ಹಾಕಿ.

ಇದು ಪೀಠಿಕೆ. ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಆ ಕರೆಂಟ್ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ಬರುತ್ತದೆ ಎಂದು ಹೇಳಿದೆ. ಹಾಗೆ ಬಂದ ಕರೆಂಟ್ ಮರಳಿ ಹೋಗಲೂಬೇಕು. ಸಿಳ್ಳೆಯ ಕಥೆ ಇರುವುದು ಆ ಮರಳುವ ದಾರಿಯಲ್ಲಿ. ಅಲ್ಲಿಗೆ ಹೋಗುವ ಮುನ್ನ, ಸಿಳ್ಳೆ ಹುಟ್ಟುವ ಜಾಗ ನೋಡೋಣ.

ಅದು ಹುಟ್ಟುವುದು ಆಲ್ಟರ್ನೇಟರಿನಲ್ಲಿ. ನಮ್ಮ ಕಡೆ ಈಗಲೂ ಡೈನಮೊ ಎಂದೇ ಕರೆಯುತ್ತೇವೆ. ಎಂಜಿನ್ ತಿರುಗಿದಂತೆ ಬೆಲ್ಟಿನಿಂದ ತಿರುಗಿ ಬ್ಯಾಟರಿಗೆ ಚಾರ್ಜ್ ಕೊಡುವುದು ಇದೇ. ಇದರೊಳಗೆ ಹುಟ್ಟುವುದು ಮೂರು ಫೇಸಿನ ಎ.ಸಿ. ವಿದ್ಯುತ್ತು, ಹೆಚ್ಚುಕಡಿಮೆ ಹೊಲದ ಮೋಟರಿಗೆ ಬರುವಂಥದ್ದೇ. ಆದರೆ ಬ್ಯಾಟರಿಗೆ ಎ.ಸಿ. ಒಗ್ಗದು. ಆದ್ದರಿಂದ ಆಲ್ಟರ್ನೇಟರಿನ ಬೆನ್ನಲ್ಲಿರುವ ಆರು ಡಯೋಡುಗಳು ಅದನ್ನು ಡಿ.ಸಿ. ಮಾಡುತ್ತವೆ. ಈ ಡಿ.ಸಿ. ಪೂರ್ತಿ ಸಮತಟ್ಟಲ್ಲ. ಅದರ ನೆತ್ತಿಯ ಮೇಲೆ ಸಣ್ಣ ಸಣ್ಣ ಏರಿಳಿತಗಳು ಉಳಿಯುತ್ತವೆ. ಬ್ಯಾಟರಿ ಅವುಗಳಲ್ಲಿ ಬಹುಪಾಲನ್ನು ನುಂಗಿಕೊಳ್ಳುತ್ತದೆ. ಎಲ್ಲವನ್ನೂ ನುಂಗುವುದಿಲ್ಲ.

ಆ ಏರಿಳಿತ ನಮಗೆ ಸಿಳ್ಳೆಯಾಗಿಯೇ ಏಕೆ ಕೇಳುತ್ತದೆ? ಸುಲಭದ ಲೆಕ್ಕ ಇದೆ. ಎಂಜಿನ್ ನಿಂತಲ್ಲೇ ನಿಧಾನವಾಗಿ ಓಡುವಾಗ ನಿಮಿಷಕ್ಕೆ ಸುಮಾರು 800 ಸುತ್ತು. ಆಲ್ಟರ್ನೇಟರಿನ ಪುಲ್ಲಿ ಚಿಕ್ಕದು. ಎಂಜಿನ್ನಿನ ಒಂದು ಸುತ್ತಿಗೆ ಅದು ಎರಡೂವರೆ ಸುತ್ತು ಹೊಡೆಯುತ್ತದೆ ಎನ್ನಿ. ಅಂದರೆ ನಿಮಿಷಕ್ಕೆ 2,000. ಸಾಮಾನ್ಯ ಆಲ್ಟರ್ನೇಟರ್ ಒಂದು ಸುತ್ತಿಗೆ 36 ಏರಿಳಿತ ಮಾಡುತ್ತದೆ. ಗುಣಿಸಿ, 60ರಿಂದ ಭಾಗಿಸಿ. ಸೆಕೆಂಡಿಗೆ 1,200 ಏರಿಳಿತ ಬರುತ್ತದೆ. ಅದು ಕಿವಿಗೆ ಚೆನ್ನಾಗಿ ಕೇಳುವ ಸಿಳ್ಳೆ. ಎಂಜಿನ್ 2,400 ಸುತ್ತಿಗೆ ಏರಿದರೆ ಏರಿಳಿತವೂ ಮೂರು ಪಟ್ಟಾಗಿ 3,600ಕ್ಕೆ ಏರುತ್ತದೆ. ನಮ್ಮ ಕಿವಿ ಬಹಳ ಚುರುಕಾಗಿರುವುದು ಅಲ್ಲಿಯೇ. ಆಕ್ಸಲರೇಟರ್ ಜೊತೆ ಸಿಳ್ಳೆ ಏರುವುದಕ್ಕೆ ಕಾರಣ ಇದೇ. ಹಾಗೆ ಏರಿಳಿಯದ ಸದ್ದು ಆಲ್ಟರ್ನೇಟರಿನದ್ದಲ್ಲ. ಫ್ಯಾನ್ ಹಾಕಿದಾಗ ಮಾತ್ರ ಬರುವ ಗುಂಯ್ ಎನ್ನುವ ಸದ್ದು ಬ್ಲೋವರ್ ಮೋಟರಿನದು. ಪೆಟ್ರೋಲ್ ಗಾಡಿಯಲ್ಲಿ ಟಿಕ್ ಟಿಕ್ ಎಂದು ಬರುವುದು ಪ್ಲಗ್ಗಿನ ಕಿಡಿಯದು.

ಹಾಗಾದರೆ ಆಲ್ಟರ್ನೇಟರ್ ಕೆಟ್ಟಿದೆ ಎಂದೇ? ಸಾಮಾನ್ಯವಾಗಿ ಅಲ್ಲ. ಆದರೂ ಅದನ್ನು ಮೊದಲು ನೋಡಿ ಬದಿಗಿಡಬೇಕು. ಮಲ್ಟಿಮೀಟರ್ ತೆಗೆದುಕೊಳ್ಳಿ. ಗಾಡಿ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಬಯಲಲ್ಲಿ ನಿಲ್ಲಿಸಿರಿ, ಹೊಗೆ ಒಳಗೆ ಸೇರಬಾರದು. ತೋಳು, ಟವಲು, ಮೀಟರಿನ ವೈರು ಬೆಲ್ಟಿನ ಹತ್ತಿರ ಹೋಗಬಾರದು. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಬ್ಯಾಟರಿಯ ಎರಡು ಕಂಬಗಳಿಗೆ ಮೀಟರ್ ಹಿಡಿಯಿರಿ. ಡಿ.ಸಿ. ಅಳತೆಯಲ್ಲಿ 14 ವೋಲ್ಟಿನ ಆಸುಪಾಸು ಬರಬೇಕು. ಈಗ ಮೀಟರನ್ನು ಎ.ಸಿ.ಗೆ ತಿರುಗಿಸಿ. ವೋಲ್ಟಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಡಯೋಡುಗಳು ಸರಿಯಾಗಿವೆ. ಅರ್ಧ ವೋಲ್ಟ್ ದಾಟಿದರೆ ಒಂದು ಡಯೋಡ್ ಹೋಗಿರುವ ಸಾಧ್ಯತೆ ಹೆಚ್ಚು. ಅಂಥ ಗಾಡಿಯ ಬ್ಯಾಟರಿ ರಾತ್ರಿ ನಿಂತಲ್ಲೇ ಇಳಿಯುವುದೂ ಉಂಟು. ಅದನ್ನು ಮೊದಲು ರಿಪೇರಿ ಮಾಡಿಸಬೇಕು. ಸ್ಟೀರಿಯೊದ ಕೆಲಸ ಆಮೇಲೆ.

ಒಂದು ಮಾತು ಸೇರಿಸುತ್ತೇನೆ. ಕೆಲವು ಅಗ್ಗದ ಮೀಟರುಗಳು ಎ.ಸಿ. ಅಳತೆಯಲ್ಲಿ ಬ್ಯಾಟರಿಗೆ ಹಿಡಿದರೆ 30 ವೋಲ್ಟ್ ತೋರಿಸುತ್ತವೆ. ಕಡ್ಡಿ ಅದಲು ಬದಲು ಮಾಡಿದರೆ ಸೊನ್ನೆ ತೋರಿಸುತ್ತವೆ. ಗಾಬರಿ ಬೇಡ. ಆ ಮೀಟರಿಗೆ ಡಿ.ಸಿ.ಯನ್ನು ತಡೆದು ಎ.ಸಿ.ಯನ್ನಷ್ಟೇ ಅಳೆಯಲು ಬರುವುದಿಲ್ಲ. ಈ ಒಂದು ಪರೀಕ್ಷೆಗೆ ಬೇರೆ ಮೀಟರ್ ತನ್ನಿರಿ. ಉಳಿದ ಕೆಲಸಕ್ಕೆ ಅದೇ ಸಾಕು.

ಸಂತೆಕಲ್ಲೂರಿನ ಗಾಡಿಯಲ್ಲಿ ಆಲ್ಟರ್ನೇಟರ್ ಚೆನ್ನಾಗಿಯೇ ಇತ್ತು. ಏರಿಳಿತ ಸಹಜವಾದಷ್ಟೇ ಇತ್ತು. ಎಲ್ಲ ಗಾಡಿಗಳಲ್ಲೂ ಅಷ್ಟು ಇರುತ್ತದೆ. ಎಲ್ಲ ಗಾಡಿಗಳೂ ಸಿಳ್ಳೆ ಹೊಡೆಯುವುದಿಲ್ಲವಲ್ಲ. ಹಾಗಾದರೆ ಇಲ್ಲಿ ಯಾವುದೋ ಬಾಗಿಲು ತೆರೆದಿದೆ.

ಇಲ್ಲಿಯವರೆಗಿನ ಮಾತು ಇಷ್ಟು: ಸಿಳ್ಳೆ ಹುಟ್ಟುವುದು ಆಲ್ಟರ್ನೇಟರಿನಲ್ಲಿ, ಆದರೆ ತಪ್ಪು ಬಹುಮಟ್ಟಿಗೆ ಅಲ್ಲಿರುವುದಿಲ್ಲ. ಈಗ ಅದು ಒಳಗೆ ನುಗ್ಗುವ ದಾರಿ.

ಗಾಡಿಯಲ್ಲಿ ಕರೆಂಟ್ ಮರಳಿ ಹೋಗಲು ಬೇರೆ ವೈರ್ ಇರುವುದಿಲ್ಲ. ಗಾಡಿಯ ಉಕ್ಕಿನ ಮೈಯೇ ಆ ದಾರಿ. ಬಾಡಿ ಅರ್ಥ್ ಎನ್ನುತ್ತೇವೆ. ಹೆಡ್‌ಲೈಟು, ಫ್ಯಾನು, ಹಾರ್ನು, ಆಂಪ್ಲಿಫೈಯರು, ಎಲ್ಲದರ ಕರೆಂಟೂ ಈ ಮೈಯಲ್ಲೇ ಹರಿದು ಬ್ಯಾಟರಿಯ ಮೈನಸ್ಸಿಗೆ ಸೇರುತ್ತದೆ. ಸಿಂಧನೂರು ಕಡೆಯ ಭತ್ತದ ಗದ್ದೆಯವರಿಗೆ ಇದನ್ನು ಹೇಳುವುದು ಸುಲಭ. ನಾಲ್ಕು ಗದ್ದೆಗಳ ನೀರು ಒಂದೇ ಬಸಿಗಾಲುವೆಗೆ ಇಳಿಯುತ್ತದೆ. ಕಾಲುವೆ ಅಗಲವಾಗಿ ತೆರೆದಿದ್ದರೆ ಯಾರಿಗೂ ತೊಂದರೆ ಇಲ್ಲ. ಒಂದು ಕಡೆ ಹೂಳು ತುಂಬಿದೆ ಎನ್ನಿ. ಮೇಲಿನವರು ನೀರು ಬಿಟ್ಟಾಗ ಆ ಜಾಗದಲ್ಲಿ ಮಟ್ಟ ಏರುತ್ತದೆ. ಪಕ್ಕದ ಸಣ್ಣ ಬದುವಿನ ಸಂದಿಯಿಂದ ನೀರು ಇನ್ನೊಬ್ಬರ ಗದ್ದೆಗೆ ನುಗ್ಗುತ್ತದೆ. ಅರ್ಥ್ ಕೆಟ್ಟ ಗಾಡಿಯಲ್ಲಿ ಆಗುವುದು ಇದೇ.

ಆ ಸಣ್ಣ ಸಂದಿ ಯಾವುದು? ಹೆಡ್ ಯೂನಿಟ್ಟಿನಿಂದ ಆಂಪ್ಲಿಫೈಯರಿಗೆ ಹಾಡನ್ನು ಒಯ್ಯುವ ಆರ್‌ಸಿಎ ಕೇಬಲ್. ಟಿ.ವಿ.ಗೆ ಡಿವಿಡಿ ಜೋಡಿಸುತ್ತಿದ್ದೆವಲ್ಲ, ಅದೇ ತರಹದ ಪಿನ್ನು. ನಡುವೆ ಒಂದು ಕಡ್ಡಿ, ಸುತ್ತ ಒಂದು ಬಳೆ. ಹಾಡು ಹೋಗುವುದು ನಡುವಿನ ಕಡ್ಡಿಯಲ್ಲಿ. ಸುತ್ತಲಿನ ಬಳೆ ಎರಡೂ ಪೆಟ್ಟಿಗೆಗಳ ಅರ್ಥನ್ನು ಒಂದಕ್ಕೊಂದು ಕಟ್ಟುತ್ತದೆ. ಹೆಡ್ ಯೂನಿಟ್ಟಿನ ಅರ್ಥ್ ಮುಂದೆ ಡ್ಯಾಶ್‌ಬೋರ್ಡಿನ ಹಿಂದೆ ಇದೆ. ಆಂಪ್ಲಿಫೈಯರಿನ ಅರ್ಥ್ ಹಿಂದೆ ಸೀಟಿನ ಕೆಳಗಿದೆ. ಈ ಎರಡು ಜಾಗಗಳ ನಡುವೆ ವೋಲ್ಟಿನ ಮಟ್ಟದಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದರೂ ಸಾಕು. ಆ ವ್ಯತ್ಯಾಸ ಆಲ್ಟರ್ನೇಟರಿನ ಏರಿಳಿತವನ್ನು ಹೊತ್ತುಕೊಂಡಿರುತ್ತದೆ. ಬಳೆಯ ಮೂಲಕ ಹಾಡಿನ ಜೊತೆ ಕೂಡಿಕೊಳ್ಳುತ್ತದೆ. ಆಂಪ್ಲಿಫೈಯರಿಗೆ ಹಾಡು ಯಾವುದು, ಸಿಳ್ಳೆ ಯಾವುದು ಎಂಬ ಭೇದವಿಲ್ಲ. ಎರಡನ್ನೂ ದೊಡ್ಡದು ಮಾಡುತ್ತದೆ.

ಇದೇ ಕಾರಣಕ್ಕೆ ನಾನು ಹೆಡ್ ಯೂನಿಟ್ ಕೊಳ್ಳುವವರಿಗೆ ಪರದೆಯ ಅಳತೆಗಿಂತ ಮೊದಲು ಹಿಂಬದಿಯ ಆರ್‌ಸಿಎ ಎಷ್ಟು ವೋಲ್ಟಿನದು ಎಂದು ಕೇಳಿ ಎನ್ನುತ್ತೇನೆ. ಕೆಲವುದರಲ್ಲಿ 2 ವೋಲ್ಟ್, ಕೆಲವುದರಲ್ಲಿ 4 ವೋಲ್ಟ್. ಹಾಡು 4 ವೋಲ್ಟಿನಲ್ಲಿ ಹೊರಟರೆ ದಾರಿಯಲ್ಲಿ ಸೇರುವ ಸಿಳ್ಳೆ ಅದರ ಮುಂದೆ ಅರ್ಧಕ್ಕೆ ಇಳಿದಂತೆ.

ಮತ್ತೊಮ್ಮೆ ಹೇಳುತ್ತೇನೆ. ಎರಡು ಪೆಟ್ಟಿಗೆ, ಎರಡು ಅರ್ಥ್, ನಡುವೆ ಒಂದು ಆರ್‌ಸಿಎ. ಸಿಳ್ಳೆ ಈ ಸುತ್ತಿನಲ್ಲಿ ಎಲ್ಲೋ ಸೇರುತ್ತದೆ. ಎಲ್ಲಿ ಎಂದು ಹಿಡಿಯಲು ಒಂದೊಂದನ್ನೇ ಕಳಚಿ ಕೇಳಬೇಕು.

ಮೊದಲ ಪರೀಕ್ಷೆಗೆ ಉಪಕರಣವೇ ಬೇಡ. ಎಂಜಿನ್ ಚಾಲೂ ಇರಲಿ, ಸ್ಟೀರಿಯೊ ಪೂರ್ತಿ ಆರಿಸಿ. ಸಿಳ್ಳೆ ಇನ್ನೂ ಇದೆಯೆ? ಹಾಗಾದರೆ ಅದು ಬೆಲ್ಟಿನದೋ ಬೇರಿಂಗಿನದೋ ಸದ್ದು. ಮೆಕ್ಯಾನಿಕ್ ಹತ್ತಿರ ಹೋಗಿ. ಸದ್ದು ನಿಂತಿತೆ? ಮುಂದೆ ಹೋಗೋಣ.

ಸ್ಟೀರಿಯೊ ಹಾಕಿ, ಹಾಡು ನಿಲ್ಲಿಸಿ, ವಾಲ್ಯೂಮನ್ನು ಏರಿಸಿ ಇಳಿಸಿ. ಸಿಳ್ಳೆ ಅದರ ಜೊತೆಗೆ ಏರಿ ಇಳಿದರೆ, ಅದು ವಾಲ್ಯೂಮಿನ ಹಿಂದಿನಿಂದ ಬರುತ್ತಿದೆ. ಹೆಚ್ಚಾಗಿ ಚಾರ್ಜರಿಗೆ ಸಿಕ್ಕಿಸಿದ ಮೊಬೈಲು, ಅದರಿಂದ ಸ್ಟೀರಿಯೊಗೆ ಹೋದ ಆಕ್ಸ್ ವೈರು. ಚಾರ್ಜರ್ ಕಿತ್ತರೆ ನಿಲ್ಲುತ್ತದೆ. ರೇಡಿಯೊ ಹಾಕಿದಾಗ ಮಾತ್ರ ಬಂದರೆ ಆಂಟೆನಾದ ಬುಡದ ಅರ್ಥ್ ನೋಡಬೇಕು. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಸಿಳ್ಳೆ ಅಷ್ಟಕ್ಕಷ್ಟೇ ಇದ್ದರೆ, ಅದು ವಾಲ್ಯೂಮಿನ ಮುಂದೆ ಸೇರುತ್ತಿದೆ. ಅಂದರೆ ಹೆಡ್ ಯೂನಿಟ್ಟಿನ ಬೆನ್ನಿನಿಂದ ಆಂಪ್ಲಿಫೈಯರಿನವರೆಗಿನ ದಾರಿಯಲ್ಲಿ. ನಮ್ಮ ಗಾಡಿಯಲ್ಲಿ ಹೀಗೇ ಇತ್ತು. ಸೊನ್ನೆಯಲ್ಲೂ ಅದೇ ಸಿಳ್ಳೆ.

ಮುಂದೆ, ಸ್ಟೀರಿಯೊ ಆರಿಸಿ, ಆಂಪ್ಲಿಫೈಯರಿನಿಂದ ಆರ್‌ಸಿಎ ಪಿನ್ನುಗಳನ್ನು ಕಿತ್ತೆ. ಆರಿಸದೆ ಕೀಳಬೇಡಿ, ಸ್ಪೀಕರಿಗೆ ಗುಂಡು ಹೊಡೆದಂಥ ಹೊಡೆತ ಬೀಳುತ್ತದೆ. ಮತ್ತೆ ಹಾಕಿ ಎಂಜಿನ್ ಚಾಲೂ ಮಾಡಿದಾಗ ಸಿಳ್ಳೆ ಇಲ್ಲ. ಆಂಪ್ಲಿಫೈಯರ್ ತಾನಾಗಿ ಸಿಳ್ಳೆ ಹೊಡೆಯುತ್ತಿಲ್ಲ ಎಂದಾಯಿತು. ಚಾರ್ಜರಿಗೆ ಹಾಕದ ಮೊಬೈಲಿನಿಂದ ನೇರವಾಗಿ ಆಂಪ್ಲಿಫೈಯರಿಗೇ ಹಾಡು ಕೊಟ್ಟೆ. ಹಾಡು ತಿಳಿಯಾಗಿ ಬಂತು. ಮೊಬೈಲಿಗೆ ಗಾಡಿಯ ಅರ್ಥಿನ ಸಂಬಂಧ ಬೇರೆ ಎಲ್ಲೂ ಇಲ್ಲ, ಸುತ್ತು ಕೂಡಲೇ ಇಲ್ಲ.

ಇನ್ನು ಉಳಿದದ್ದು ಕೇಬಲ್ಲು, ಹೆಡ್ ಯೂನಿಟ್ಟು, ಎರಡು ಅರ್ಥುಗಳು. ಪವರ್ ವೈರ್ ಮತ್ತು ಆರ್‌ಸಿಎ ಒಂದೇ ಬದಿಯಲ್ಲಿ ಹೋಗಿದ್ದರೆ ಸಿಳ್ಳೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಒಂದನ್ನು ಎಡಬದಿಗೆ, ಇನ್ನೊಂದನ್ನು ಬಲಬದಿಗೆ ಹಾಕುವುದು ಒಳ್ಳೆಯ ಪದ್ಧತಿಯೇ. ಆದರೆ ನನ್ನ ಅನುಭವದಲ್ಲಿ ಈ ಆರೋಪ ಅದರ ಯೋಗ್ಯತೆಗಿಂತ ಹೆಚ್ಚು. ಕಾರ್ಪೆಟ್ ಎಲ್ಲ ಕಿತ್ತು ವೈರ್ ಬದಲಿಸುವ ಮುನ್ನ ಒಂದು ಹೊಸ ಆರ್‌ಸಿಎ ಕೇಬಲನ್ನು ಸೀಟಿನ ಮೇಲಿಂದಲೇ ಹಾಸಿ ಜೋಡಿಸಿ ನೋಡಿ. ಸಿಳ್ಳೆ ಹೋದರೆ ದಾರಿಯದೋ ಕೇಬಲಿನದೋ ತಪ್ಪು. ನಮ್ಮ ಗಾಡಿಯಲ್ಲಿ ಹೋಗಲಿಲ್ಲ. ಕಾರ್ಪೆಟ್ ಕೀಳುವ ಅರ್ಧ ದಿನದ ಕೆಲಸ ಉಳಿಯಿತು.

ಈಗ ಎಲ್ಲಿದ್ದೇವೆ ನೋಡಿ. ಆಲ್ಟರ್ನೇಟರ್ ಸರಿ. ಆಂಪ್ಲಿಫೈಯರ್ ಸರಿ. ಕೇಬಲ್ ಸರಿ. ಉಳಿದದ್ದು ಹೆಡ್ ಯೂನಿಟ್ಟು, ಅರ್ಥ್. ಮೊದಲು ಅರ್ಥ್ ನೋಡೋಣ.

ಅರ್ಥನ್ನು ಅಳೆಯುವಾಗ ಬಹಳ ಜನ ಮೀಟರನ್ನು ಓಮಿಗೆ ತಿರುಗಿಸುತ್ತಾರೆ. ಸೊನ್ನೆಯ ಹತ್ತಿರ ಬರುತ್ತದೆ, ಸರಿ ಇದೆ ಎನ್ನುತ್ತಾರೆ. ಅದು ಮೋಸದ ಅಳತೆ. ಸಾದಾ ಮೀಟರಿಗೆ ಓಮಿನ ಅಷ್ಟು ಸಣ್ಣ ಭಾಗ ಗೊತ್ತಾಗುವುದಿಲ್ಲ. ಇಲ್ಲಿ ಓಮಿನ ಐವತ್ತನೇ ಒಂದು ಭಾಗವೂ ಹೆಚ್ಚೇ. ಬದಲಿಗೆ ಕರೆಂಟ್ ಹರಿಯುತ್ತಿರುವಾಗ ವೋಲ್ಟ್ ಅಳೆಯಿರಿ. ಮೀಟರಿನ ಒಂದು ಕಡ್ಡಿಗೆ ಉದ್ದನೆಯ ವೈರ್ ಕಟ್ಟಿ ಬ್ಯಾಟರಿಯ ಮೈನಸ್ ಕಂಬಕ್ಕೆ ಹಿಡಿಸಿ. ಇನ್ನೊಂದನ್ನು ಆಂಪ್ಲಿಫೈಯರಿನ ಮೈನಸ್ ತಿರುಪಿಗೆ ಇಡಿ. ಎಂಜಿನ್ ಚಾಲೂ, ಹಾಡು ಜೋರು. ವೋಲ್ಟಿನ ಹತ್ತನೇ ಒಂದು ಭಾಗದೊಳಗೆ ಇರಬೇಕು. ನಮ್ಮ ಗಾಡಿಯಲ್ಲಿ ಡೋಲಿನ ಹೊಡೆತ ಬಂದಾಗಲೆಲ್ಲ ಅರ್ಧ ವೋಲ್ಟ್ ದಾಟುತ್ತಿತ್ತು.

ಅರ್ಥ್ ವೈರನ್ನು ಸೀಟಿನ ಬೋಲ್ಟಿಗೆ ಸಿಕ್ಕಿಸಿದ್ದರು. ಇದು ಎಲ್ಲ ಕಡೆ ನಡೆಯುವ ಸುಲಭದ ಕೆಲಸ. ಬೋಲ್ಟ್ ಸಿದ್ಧವಾಗಿ ಸಿಗುತ್ತದೆ, ತೂತು ಕೊರೆಯುವ ಗೋಜಿಲ್ಲ. ಆದರೆ ಅದರ ಕೆಳಗೆ ಬಣ್ಣ ಇರುತ್ತದೆ, ಎರೆಮಣ್ಣಿನ ಧೂಳು ಸೇರುತ್ತದೆ, ಗಾಡಿ ಕುಲುಕಿದಾಗ ಸಡಿಲಾಗುತ್ತದೆ. ಹಾಗೆಯೇ ಸೀಟ್ ಬೆಲ್ಟಿನ ಬೋಲ್ಟನ್ನಂತೂ ಯಾವತ್ತೂ ಮುಟ್ಟಬಾರದು. ಅಪಘಾತದಲ್ಲಿ ಜೀವ ಹಿಡಿಯುವ ಬೋಲ್ಟ್ ಅದು.

ಸರಿಯಾದ ಅರ್ಥ್ ಹೀಗೆ. ಮೊದಲು ಬ್ಯಾಟರಿಯ ಮೈನಸ್ ಕಳಚಿ. ಆಂಪ್ಲಿಫೈಯರಿನಿಂದ ಒಂದೂವರೆ ಅಡಿಯೊಳಗೆ ಗಾಡಿಯ ನೆಲದ ದಪ್ಪ ತಗಡನ್ನು ಆರಿಸಿ. ಕೊರೆಯುವ ಮುಂಚೆ ಕೆಳಗೆ ಬಗ್ಗಿ ನೋಡಿ, ಡೀಸೆಲ್ ಪೈಪೋ ಬ್ರೇಕ್ ಪೈಪೋ ಇರಬಾರದು. ರೂಪಾಯಿ ಬಿಲ್ಲೆಯಷ್ಟು ಜಾಗದ ಬಣ್ಣವನ್ನು ಉಪ್ಪು ಕಾಗದದಿಂದ ಬೆಳ್ಳಗೆ ಹೊಳೆಯುವಂತೆ ಉಜ್ಜಿ. ವೈರಿನ ತುದಿಗೆ ಥಿಂಬಲ್ ಒತ್ತಿಸಿ. ಥಿಂಬಲ್ ನೇರವಾಗಿ ಬರಿ ತಗಡಿನ ಮೇಲೆ ಕೂರಬೇಕು. ಮೇಲೆ ಹಲ್ಲಿನ ವಾಷರ್ ಹಾಕಿ ನಟ್ಟು ಬೋಲ್ಟಿನಿಂದ ಬಿಗಿಯಿರಿ. ಬಿಗಿದ ಮೇಲೆ ಅದರ ಮೇಲೆ ಗ್ರೀಸೋ ಬಣ್ಣವೋ ಬಳಿಯಿರಿ, ತುಕ್ಕು ಹಿಡಿಯದು. ಅರ್ಥ್ ವೈರು ಪ್ಲಸ್ ವೈರಿನಷ್ಟೇ ದಪ್ಪ ಇರಬೇಕು. ಬಂದಷ್ಟು ಕರೆಂಟೇ ಮರಳಿ ಹೋಗಬೇಕಲ್ಲ.

ಜೊತೆಗೆ ಬಾನೆಟ್ಟಿನ ಕೆಳಗೆ ಬ್ಯಾಟರಿಯ ಮೈನಸ್ಸಿನಿಂದ ಮೈಗೆ ಹೋಗುವ ಪಟ್ಟಿ, ಎಂಜಿನ್ನಿನಿಂದ ಮೈಗೆ ಹೋಗುವ ಪಟ್ಟಿ, ಇವೆರಡನ್ನೂ ನೋಡಿ. ಬಿಳಿ ಹಸಿರು ಪುಡಿ ಕಟ್ಟಿದ್ದರೆ ಕಳಚಿ ಉಜ್ಜಿ ಬಿಗಿಯಿರಿ. ಹಿಂದಿನ ಅರ್ಥ್ ಎಷ್ಟೇ ಚೆನ್ನಾಗಿದ್ದರೂ ಈ ಪಟ್ಟಿ ಕೆಟ್ಟಿದ್ದರೆ ಪ್ರಯೋಜನವಿಲ್ಲ.

ಇಷ್ಟೆಲ್ಲ ಮಾಡಿ ಮತ್ತೆ ಅಳೆದೆವು. ಅರ್ಧ ವೋಲ್ಟ್ ಇದ್ದದ್ದು ವೋಲ್ಟಿನ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯಿತು. ಹಾಡಿನ ಹೊಡೆತ ಗಟ್ಟಿಯಾಯಿತು. ಸಿಳ್ಳೆಯೂ ತಗ್ಗಿತು. ಆದರೆ ಪೂರ್ತಿ ಹೋಗಲಿಲ್ಲ.

ಕೇಳುಗರೆ, ಹೆಚ್ಚಿನವರು ಕೈಚೆಲ್ಲಿ ಫಿಲ್ಟರ್ ಹಾಕಿಸುವುದು ಈ ಘಟ್ಟದಲ್ಲಿ. ಅರ್ಥ್ ಸರಿ ಮಾಡಿದರೂ ಸಿಳ್ಳೆ ಉಳಿಯಿತು, ಇನ್ನೇನಿದೆ ಎನ್ನುತ್ತಾರೆ. ಇದೆ. ಹಳೆಯ ಕೆಟ್ಟ ಅರ್ಥ್ ಹೋಗುವ ಮುನ್ನ ಇನ್ನೊಂದು ಹಾನಿ ಮಾಡಿಟ್ಟು ಹೋಗಿತ್ತು.

ಆಂಪ್ಲಿಫೈಯರಿನ ಅರ್ಥ್ ಬೋಲ್ಟ್ ಸಡಿಲಾದಾಗ ಆ 25 ಆಂಪಿಯರ್ ಎಲ್ಲಿ ಹೋಗಬೇಕು? ಬಾಗಿಲು ಮುಚ್ಚಿದೆ, ಸಂದಿ ತೆರೆದಿದೆ. ಅದು ಆರ್‌ಸಿಎಯ ಬಳೆ ಹಿಡಿದು ಹೆಡ್ ಯೂನಿಟ್ಟಿನ ಕಡೆ ಓಡುತ್ತದೆ. ಅಲ್ಲಿ, ಪೆಟ್ಟಿಗೆಯ ಒಳಗೆ, ಆರ್‌ಸಿಎ ಬಳೆಗೂ ಅರ್ಥಿಗೂ ನಡುವೆ ಅನೇಕ ಹೆಡ್ ಯೂನಿಟ್ಟುಗಳಲ್ಲಿ ಒಂದು ಸಣ್ಣ ಫ್ಯೂಸ್ ಇರುತ್ತದೆ. ಅಕ್ಕಿಕಾಳಿಗಿಂತ ದೊಡ್ಡದಲ್ಲ. ಕೆಲವುದರಲ್ಲಿ ಬೋರ್ಡಿನ ಮೇಲಿನ ತೆಳು ತಾಮ್ರದ ಗೆರೆಯೇ ಆ ಕೆಲಸ ಮಾಡುತ್ತದೆ. ಅಷ್ಟು ಕರೆಂಟಿಗೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಸ್ಟೀರಿಯೊ ಸಾಯುವುದಿಲ್ಲ. ಪರದೆ ಬೆಳಗುತ್ತದೆ, ಹಾಡು ಬರುತ್ತದೆ. ಆದರೆ ಆರ್‌ಸಿಎ ಬಳೆಗೆ ಹೆಡ್ ಯೂನಿಟ್ಟಿನ ಅರ್ಥಿನ ಆಸರೆ ತಪ್ಪಿಹೋಗಿದೆ. ಅಲ್ಲಿಂದ ಸಿಳ್ಳೆ ಶುರು. ಗಾಡಿ ಚಾಲೂ ಇರುವಾಗ ಆರ್‌ಸಿಎ ಕಿತ್ತು ಹಾಕಿ ಮಾಡುವುದರಿಂದಲೂ ಇದು ಸುಡಬಹುದು.

ತಿಳಿಯುವ ಬಗೆ ಸುಲಭ. ಸ್ಟೀರಿಯೊ ಆರಿಸಿ, ಎರಡೂ ತುದಿಯ ಆರ್‌ಸಿಎ ಕಿತ್ತುಹಾಕಿ. ಇಲ್ಲಿ ಮೀಟರನ್ನು ಓಮಿಗೇ ತಿರುಗಿಸಬಹುದು. ಒಂದು ಕಡ್ಡಿ ಹೆಡ್ ಯೂನಿಟ್ಟಿನ ಆರ್‌ಸಿಎ ಹೊರ ಬಳೆಗೆ, ಇನ್ನೊಂದು ಅದರ ತಗಡಿನ ಮೈಗೆ. ಸೊನ್ನೆಯ ಹತ್ತಿರ ಬಂದರೆ ಸರಿ. ಮೀಟರ್ ಏನೂ ದಾರಿ ಇಲ್ಲ ಎಂದು ತೋರಿಸಿದರೆ ಸುಟ್ಟಿದೆ. ನಮ್ಮ ಗಾಡಿಯಲ್ಲಿ ದಾರಿ ಇರಲಿಲ್ಲ. ಖಾತ್ರಿಗೆ ಒಂದು ಸಿಪ್ಪೆ ಸುಲಿದ ವೈರನ್ನು ಆರ್‌ಸಿಎ ಬಳೆಗೆ ಸುತ್ತಿ, ಇನ್ನೊಂದು ತುದಿಯನ್ನು ಹೆಡ್ ಯೂನಿಟ್ಟಿನ ತಗಡಿನ ತಿರುಪಿಗೆ ಹಿಡಿಸಿದೆ. ಎಂಜಿನ್ ಚಾಲೂ ಮಾಡಿ ಆಕ್ಸಲರೇಟರ್ ಒತ್ತಿದೆವು. ಸಿಳ್ಳೆ ಇಲ್ಲ.

ಆ ಸುತ್ತಿದ ವೈರನ್ನೇ ಹಾಗೆ ಬಿಡುವವರಿದ್ದಾರೆ. ಕೆಲಸ ನಡೆಯುತ್ತದೆ. ಆದರೆ ಮುಂದೆ ಮತ್ತೆ ಅರ್ಥ್ ಸಡಿಲಾದರೆ ಸುಡಲು ಫ್ಯೂಸ್ ಇಲ್ಲ, ಸುಡುವುದು ಬೋರ್ಡೇ. ಎಲೆಕ್ಟ್ರಾನಿಕ್ಸ್ ರಿಪೇರಿ ಬಲ್ಲವರಿಗೆ ಕೊಟ್ಟು ಆ ಪುಟ್ಟ ಫ್ಯೂಸನ್ನು ಬದಲಿಸಿಕೊಳ್ಳುವುದು ಸರಿಯಾದ ದಾರಿ. ವಾರಂಟಿ ಇದ್ದರೆ ಪೆಟ್ಟಿಗೆ ಬಿಚ್ಚುವ ಮುನ್ನ ಅದನ್ನು ಕೇಳಿಕೊಳ್ಳಿ. ಮತ್ತು ನೆನಪಿಡಿ, ಅರ್ಥ್ ಸರಿ ಮಾಡದೆ ಫ್ಯೂಸ್ ಹಾಕಿಸಿದರೆ ಅದು ಮತ್ತೆ ಸುಡುತ್ತದೆ. ಅರ್ಥ್ ಮೊದಲು, ಫ್ಯೂಸ್ ಆಮೇಲೆ.

ಇದುವರೆಗೆ ಫಿಲ್ಟರ್ ಬೇಡ, ಬೇಡ ಎಂದೇ ಹೇಳಿದೆ. ಅದು ಬೇಕಾಗುವ ಜಾಗವೂ ಒಂದಿದೆ. ಗ್ರೌಂಡ್ ಲೂಪ್ ಐಸೊಲೇಟರ್ ಎಂದು ಮಾರುವ ಡಬ್ಬಿಯೊಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಹಾಡು ಅಯಸ್ಕಾಂತದ ಮೂಲಕ ದಾಟುತ್ತದೆ, ಅರ್ಥಿನ ಕೊಂಡಿ ತುಂಡಾಗುತ್ತದೆ. ಚಾರ್ಜರಿನಲ್ಲಿರುವ ಮೊಬೈಲಿನಿಂದ ಆಕ್ಸ್ ವೈರಿನಲ್ಲಿ ಹಾಡು ಕೇಳುವವರಿಗೆ ಅದು ನ್ಯಾಯವಾದ ಉಪಾಯ. ಅಲ್ಲಿ ಎರಡು ಅರ್ಥುಗಳನ್ನು ಒಂದು ಮಾಡಲು ಬೇರೆ ದಾರಿ ಇಲ್ಲ. ಬ್ಲೂಟೂತಿನಲ್ಲಿ ಕೇಳಿದರೆ ಅದೂ ಬೇಡ. ಆದರೆ ಹೆಡ್ ಯೂನಿಟ್ಟು ಮತ್ತು ಆಂಪ್ಲಿಫೈಯರಿನ ನಡುವೆ ಅದನ್ನು ಹಾಕಿದರೆ, ಅಗ್ಗದ ಟ್ರಾನ್ಸ್‌ಫಾರ್ಮರ್ ಡೋಲು ತಬಲಾಗಳ ಕೆಳದನಿಯನ್ನು ತಿಂದುಹಾಕುತ್ತದೆ. ಯಾವುದಕ್ಕಾಗಿ ಆಂಪ್ಲಿಫೈಯರ್ ಹಾಕಿಸಿದಿರೋ ಅದೇ ಹೋಗುತ್ತದೆ. ಸಂತೆಕಲ್ಲೂರಿನ ಗಾಡಿಗೆ ಅದನ್ನು ಹಾಕಿದ್ದರೆ ಸಿಳ್ಳೆ ಅಡಗುತ್ತಿತ್ತು, ಸಡಿಲಾದ ಅರ್ಥ್ ಬೋಲ್ಟ್ ಸೀಟಿನ ಕೆಳಗೆ ಬಿಸಿಯಾಗುತ್ತಲೇ ಇರುತ್ತಿತ್ತು.

ಕೊನೆಯ ಕೆಲಸ ಒಂದು ಉಳಿದಿದೆ. ಸಿಳ್ಳೆ ಹೋದ ಮೇಲೆ ಆಂಪ್ಲಿಫೈಯರಿನ ಗೇನ್ ತಿರುಪನ್ನು ಮತ್ತೆ ಹೊಂದಿಸಬೇಕು. ಅದು ವಾಲ್ಯೂಮ್ ಅಲ್ಲ. ಹೆಡ್ ಯೂನಿಟ್ ಕಳಿಸುವ ಹಾಡಿನ ಮಟ್ಟಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ಹೆಚ್ಚು ತಿರುಗಿಸಿದರೆ ಹಾಡಿನ ಜೊತೆ ದಾರಿಯ ಸದ್ದೆಲ್ಲ ದೊಡ್ಡದಾಗುತ್ತದೆ. ಗೇನನ್ನು ಪೂರ್ತಿ ಇಳಿಸಿ. ಬಾಸ್, ಟ್ರೆಬಲ್ ಎಲ್ಲ ನಡುವಿಗೆ ತನ್ನಿರಿ. ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡೊಂದನ್ನು ಹಾಕಿ ಹೆಡ್ ಯೂನಿಟ್ಟಿನ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ. ಈಗ ಗೇನನ್ನು ನಿಧಾನವಾಗಿ ಏರಿಸುತ್ತ ಬನ್ನಿ. ಹಾಡುಗಾರರ ದನಿ ಗೊರಗೊರ ಒಡೆಯತೊಡಗಿದ ಕಡೆ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ತನ್ನಿರಿ. ಅಲ್ಲಿಗೆ ಬಿಡಿ. ಗಾಡಿ ಒಂದು ತಿಂಗಳು ಹೊಲದ ದಾರಿಯಲ್ಲಿ ಕುಲುಕಿದ ಮೇಲೆ ಅರ್ಥ್ ಬೋಲ್ಟಿಗೆ ಮತ್ತೊಮ್ಮೆ ಪಾನಾ ಹಾಕಿ ಬಿಗಿಯಿರಿ. ಆ ಹೊತ್ತಿಗೇ ಬ್ಯಾಟರಿ ಕಂಬಗಳ ಮೇಲಿನ ಪುಡಿಯನ್ನೂ ಒರೆಸಿಬಿಡಿ.